ಡಿಗ್ರಿ ರಾಯರು

ಕೆಜಿಎಫ್‌ನಲ್ಲಿ ಬೀದಿಗೊಬ್ಬ ಡಿಗ್ರಿ ರಾಯರಿರುತ್ತಾರೆ. ನಮ್ಮ ರಾಬರ್ಟ್‌ಸನ್‌ಪೇಟೆಯವರು ಚಾಂಪಿಯನ್ ರೀಫ್ ಗಣಿಯ ವೆಂಟಿಲೇಷನ್ ವಿಭಾಗದಲ್ಲಿದ್ದವರು. ಮೂರು ಕಿಲೋಮೀಟರಿಗೂ ಆಳದಲ್ಲಿ, ಬಂಡೆಯೇ 60 ಡಿಗ್ರಿ ದಾಟಿ ಕಾದಿರುವ ಕಡೆ, ಗಾಳಿ ಎಷ್ಟು ಬಿಸಿಯಿದೆ ಎಂದು ಅಳೆಯುವುದು ಅವರ ಕೆಲಸ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಅಳೆಯುವ ಚಟ ಮುಚ್ಚಲಿಲ್ಲ. ಡಿಸೆಂಬರ್ ಬಂತೆಂದರೆ ಅದು ನೇರ ಇಡ್ಲಿ ಹಿಟ್ಟಿನ ಮೇಲೆ ಎರಗುತ್ತದೆ.

ಸೊಸೆ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವವಳು. ಅಷ್ಟು ಹೊತ್ತಿಗೆ ಇಡ್ಲಿ ಡಬ್ಬಿಯಲ್ಲಿರಬೇಕು. ರಾತ್ರಿ 15 ಡಿಗ್ರಿಗೆ ಇಳಿಯುವ ಊರಲ್ಲಿ ಸಂಜೆ ರುಬ್ಬಿದ ಹಿಟ್ಟು ಬೆಳಿಗ್ಗೆಯೂ ಹಾಗೇ ಮಲಗಿರುತ್ತದೆ. ಹಿಟ್ಟಿಗೆ ಬೇಕಾದದ್ದು 30ರ ಆಸುಪಾಸಿನ ಕಾವು. ಉದ್ದಿನ ಬೇಳೆಯ ಜೊತೆಗೇ ಬರುವ ಸೂಕ್ಷ್ಮಜೀವಿಗಳು ಆ ಕಾವಿನಲ್ಲಿ ಗಾಳಿಯನ್ನೂ ಬಿಡುತ್ತವೆ, ಹುಳಿಯನ್ನೂ ಕೊಡುತ್ತವೆ. ಇದನ್ನು ರಾಯರು ಹಾಲಿನವನಿಗೂ ವಿವರಿಸಿದ್ದಾರೆ. ಅವನು ಬೇಗ ಬೇಗ ಹಾಲು ಅಳೆದು ಹೋಗುತ್ತಾನೆ.

ಮೊದಲ ಪ್ರಯೋಗ ಮನೆಯ ಹಳೇ ಓವನ್ನಿನಲ್ಲಿ. ಹೀಟರ್ ಹಾಕದೆ ಒಳಗಿನ ದೀಪ ಮಾತ್ರ ಉರಿಸಿ, ಬಾಗಿಲು ಮುಚ್ಚಿ, ಪಾತ್ರೆ ಇಡುವುದು. ಅದು ತಂತಿ ಕಾಯುವ ಹಳೇ ಕಾಲದ ಬಲ್ಬು. ಬೆಳಕಿಗಿಂತ ಬಿಸಿಯೇ ಜಾಸ್ತಿ. ಮಲಗುವ ಹೊತ್ತಿಗೆ ಒಳಗೆ 30 ಇತ್ತು. ರಾಯರು ಹೆಮ್ಮೆಯಿಂದ ಮಲಗಿದರು. ನಡುರಾತ್ರಿ ಎದ್ದು ನೋಡಿದರೆ 40! ಪಾತ್ರೆಯ ಮೇಲೆ ಹಪ್ಪಳದಂಥ ಪದರ, ಮೂಗಿಗೆ ಹೊಡೆಯುವ ಹುಳಿ. ಮರುದಿನದಿಂದ ಬಾಗಿಲಿನ ಸಂದಿಗೆ ಸೌಟಿನ ಹಿಡಿ ಸಿಕ್ಕಿಸಿದರು, ಪಾತ್ರೆಗೆ ತಟ್ಟೆ ಮುಚ್ಚಿದರು, ಕಾವು 31ಕ್ಕೆ ನಿಂತಿತು. ಅವರ ಹೆಂಡತಿಗೆ ಸೌಟು ಸಿಗಲಿಲ್ಲ, ಅದು ಬೇರೆ ಮಾತು.

ಈ ವಿದ್ಯೆ ಬಂಗಾರಪೇಟೆಯ ಬೀಗರಿಗೂ ಮುಟ್ಟಬೇಕಲ್ಲ! ಅವರ ಮನೆಯಲ್ಲಿ ಹೊಸ ಓವನ್ನು. ರಾಯರು ಹೋದವರೇ ನೀರು ಕೂಡ ಕುಡಿಯದೆ ದೀಪ ಹಾಕಿಸಿ, ಒಳಗೆ ಕೈಯಿಟ್ಟು ಹತ್ತು ನಿಮಿಷ ಕೂತರು. ಕೈ ತಣ್ಣಗೇ ಇತ್ತು.

“ಎಲ್‌ಇಡಿ! ಬೀಗರೇ, ನಿಮಗೆ ಮೋಸ ಆಗಿದೆ.”

“ನಾವು ಅದನ್ನ ಕೇಕ್ ಮಾಡೋಕೆ ತಗೊಂಡಿದ್ದು ರಾಯರೇ,” ಎಂದರು ಬೀಗರು. ಅತಿಥಿಯನ್ನು ಅಡುಗೆಮನೆಯಿಂದ ಹೊರಡಿಸಲು ಪಾನಿಪುರಿಗೆ ಕರೆದೊಯ್ದರು. ಅಲ್ಲಿನ ಬಿಳಿ ಪಾನಿ ಕಂಡೂ ರಾಯರು ಜೇಬಿಗೆ ಕೈ ಹಾಕಿದ್ದನ್ನು ಕಂಡವರಿದ್ದಾರೆ. ಥರ್ಮಾಮೀಟರ್ ಹೊರಬರುವ ಮುಂಚೆ ಬೀಗರು ದುಡ್ಡು ಕೊಟ್ಟುಬಿಟ್ಟರು.

ಸಂಕ್ರಾಂತಿಗೆ ಮಗ ಮಲ್ಟಿಕುಕ್ಕರ್ ತಂದ. ಅದರ “Yogurt” ಗುಂಡಿಯಲ್ಲಿ ಮೊಸರು ಮೊದಲ ಸಲವೇ ಗೆದ್ದಿತು. ಕಾಯಿಸಿದ ಹಾಲನ್ನು ರಾಯರು 43ಕ್ಕೆ ಆರಿಸಿ, ಅರ್ಧ ಲೀಟರಿಗೆ ಒಂದು ಚಮಚ ಹೆಪ್ಪು ಕದಡಿ, ಎಂಟು ಗಂಟೆ ಯಾರಿಗೂ ಅಲುಗಾಡಿಸಲು ಬಿಡಲಿಲ್ಲ. ಕುಕ್ಕರ್ ಪಕ್ಕ ಹಾದುಹೋದ ಮೊಮ್ಮಗನಿಗೂ ಬೈಗುಳ. ಚಮಚ ನಿಲ್ಲುವಂಥ ಮೊಸರು. ಹೆಪ್ಪು ಹಾಕುವಾಗ ಹಾಲು 50 ದಾಟಿದ್ದರೆ ಹೆಪ್ಪೇ ಸತ್ತು, ಬೆಳಿಗ್ಗೆ ಹಾಲು ಹಾಲಾಗಿಯೇ ಉಳಿಯುತ್ತಿತ್ತು ಎಂದು ಅವರು ಇಡೀ ದಿನ ಹೇಳಿದರು.

ಆ ಜಂಬದಲ್ಲೇ ಹಿಟ್ಟನ್ನೂ ಅದೇ ಗುಂಡಿಗೆ ಹಾಕಿದರು. ಮೊಸರಿನ ಕಾವು 40ರ ಮೇಲೆ. ಅಲ್ಲಿ ಹಿಟ್ಟಿಗೆ ಉಬ್ಬುವುದಕ್ಕಿಂತ ಹುಳಿಯುವ ಅವಸರ. ಸಾಲದ್ದಕ್ಕೆ ಪಾತ್ರೆಯ ಕಂಠದವರೆಗೂ ತುಂಬಿ, ಪ್ರೆಷರ್ ಮುಚ್ಚಳವನ್ನೇ ಬಿಗಿದಿದ್ದರು. ಬೆಳಗಿನ ಜಾವ ಹಿಟ್ಟು ಮುಚ್ಚಳದ ವಾಲ್ವಿನ ತೂತಿನಲ್ಲೆಲ್ಲ ಇಣುಕುತ್ತಿತ್ತು. ಸೊಸೆ ಬ್ರೆಡ್ ತಿಂದು ರೈಲು ಹತ್ತಿದಳು. ರಾಯರು ಇಡೀ ಬೆಳಿಗ್ಗೆ ಹಲ್ಲುಕಡ್ಡಿ ಹಿಡಿದು ವಾಲ್ವ್ ಚೊಕ್ಕ ಮಾಡಿದರು.

ಈಗ ಕ್ರಮ ಖಾಯಂ ಆಗಿದೆ. ಒಂದು ಲೋಟ ಉದ್ದಿಗೆ ಮೂರು ಲೋಟ ಇಡ್ಲಿ ಅಕ್ಕಿ, ಪಾತ್ರೆ ಅರ್ಧ ಮಾತ್ರ, ಮೇಲೆ ಬರೀ ತಟ್ಟೆ, ಗುಂಡಿ “Less”. ಅದರಲ್ಲಿ ನೀರಿಟ್ಟು ಅಳೆದೇ 33 ಎಂದು ಖಾತ್ರಿ ಮಾಡಿಕೊಂಡಿದ್ದಾರೆ. ಹತ್ತು ಗಂಟೆಯಲ್ಲಿ ಹಿಟ್ಟು ಎರಡರಷ್ಟಾಗುತ್ತದೆ, ಸೌಟು ಅದ್ದಿದರೆ ಒಳಗೆಲ್ಲ ಜೇನುಗೂಡಿನ ಹಾಗೆ ತೂತು. ಒಂದು ತೊಟ್ಟು ಹಿಟ್ಟು ಬಟ್ಟಲಿನ ನೀರಿಗೆ ಬಿಟ್ಟು, ತೇಲಿದರೆ ಮಾತ್ರ ಒಲೆ ಹಚ್ಚಲು ಅಪ್ಪಣೆ.

“ನಮ್ಮತ್ತೆ ಕಂಬಳಿ ಸುತ್ತಿ ಅಕ್ಕಿ ಡಬ್ಬದಲ್ಲಿ ಇಡ್ತಿದ್ರು, ಸುಮ್ನೆ ಉಬ್ತಿತ್ತು,” ಎಂದರು ಅವರ ಹೆಂಡತಿ ಒಮ್ಮೆ.

“ಎಷ್ಟು ಡಿಗ್ರಿ ಇತ್ತು, ಬರೆದಿಟ್ಟಿದ್ಯಾ?”

ಆಕೆ ಉತ್ತರ ಕೊಡಲಿಲ್ಲ. ಮಾರ್ಚ್ ಬರಲಿ ಎಂದು ಕಾದರು. ಮಾರ್ಚ್ ಬಂತು, ಹಿಟ್ಟು ಕಟ್ಟೆಯ ಮೇಲೇ ಆರೇ ಗಂಟೆಯಲ್ಲಿ ಉಕ್ಕತೊಡಗಿತು. ರಾಯರು ಎರಡು ದಿನ ಮಂಕಾಗಿ ಕೂತರು. ಮೂರನೇ ದಿನ ಗ್ರೈಂಡರಿನ ಕಲ್ಲು ಬಿಸಿಯಾಗುವುದೇ ಇದಕ್ಕೆಲ್ಲ ಕಾರಣವೆಂದು ಪತ್ತೆಯಾಗಿ, ಉದ್ದಿಗೆ ಹಾಕುವ ನೀರಿಗೆ ಐಸ್ ತರಲು ಅಂಗಡಿಗೆ ಹೊರಟರು.