ಸಿಪ್ಪಣ್ಣ

ಅವನ ನಿಜವಾದ ಹೆಸರು ಗೊತ್ತಿರುವುದು ನಮ್ಮ ಆಫೀಸಿನ ಹಾಜರಿ ಪುಸ್ತಕಕ್ಕೆ ಮಾತ್ರ. ಬಾಯಿ ತೆರೆದರೆ ‘ಸಿಪ್’ ಅನ್ನುವುದರಿಂದ ಉಳಿದವರಿಗೆಲ್ಲ ಅವನು ಸಿಪ್ಪಣ್ಣ. ಟೀ ಅಂಗಡಿಯಲ್ಲಿ ನಾವು ಮೊದಲ ಗುಟುಕು ಹೀರುವಷ್ಟರಲ್ಲಿ ಮೊಬೈಲು ತೆಗೆದು ಮ್ಯೂಚುವಲ್ ಫಂಡಿನ ಹಸಿರು ಗೆರೆ ತೋರಿಸುತ್ತಾನೆ. ಗೆರೆ ಕೆಂಪಾದ ದಿನ ಮೊಬೈಲಿನಲ್ಲಿ ಚಾರ್ಜ್ ಇರುವುದಿಲ್ಲ. 2020ರ ಮಾರ್ಚಿನಲ್ಲಿ ನಿಫ್ಟಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದಿದ್ದಾಗ, ಲಾಕ್‌ಡೌನ್‌ಗೂ ಮೊದಲೇ ಸಿಪ್ಪಣ್ಣ ಮನೆ ಸೇರಿಬಿಟ್ಟಿದ್ದ.

ಮೊನ್ನೆ ಅವನ ಕೈಗೆ ಸಿಕ್ಕವಳು ಹೊಸದಾಗಿ ಸೇರಿದ ಹುಡುಗಿ. ತಮ್ಮ ಈಗ ಹತ್ತನೇ ಕ್ಲಾಸು, ಮೂರು ವರ್ಷಕ್ಕೆ ಇಂಜಿನಿಯರಿಂಗ್ ಫೀಸು ಕಟ್ಟಬೇಕು, ತಿಂಗಳಿಗೆ ಐದು ಸಾವಿರ ಉಳಿಸಬಲ್ಲೆ, ಎಫ್‌ಡಿ ಇಡಲೇ ಅಂತ ಕೇಳಿದಳು.

‘ಎಫ್‌ಡಿ ಅಜ್ಜಿ ಕಾಲದ್ದು ಕಣಮ್ಮ!’

ಬಜ್ಜಿ ಕಟ್ಟಿಕೊಟ್ಟ ಕಾಗದದ ಮೇಲೆಯೇ ಲೆಕ್ಕ ಶುರುವಾಯಿತು. ತಿಂಗಳು ತಿಂಗಳು ಕಟ್ಟುವವರಿಗೆ ಎಫ್‌ಡಿಯ ತಂಗಿ ಆರ್‌ಡಿ ಇದೆ. 36 ಕಂತಿಗೆ ಅಸಲು 1,80,000. ಶೇ. 6.5 ಬಡ್ಡಿಯ ಆರ್‌ಡಿಯಲ್ಲಿ ಅದರ ಮೇಲೆ ಸಿಗುವುದು ಸುಮಾರು 19 ಸಾವಿರ. ಸಿಪ್‌ನಲ್ಲಿ ಶೇ. 12 ಹಿಡಿದರೆ 37 ಸಾವಿರ! ಆ ‘ಹಿಡಿದರೆ’ಯನ್ನು ಮಾತ್ರ ಸಿಪ್ಪಣ್ಣ ಬಜ್ಜಿಯ ಜೊತೆ ನುಂಗಿದ.

ಹುಡುಗಿ ಪೆನ್ನು ಇಸಿದುಕೊಂಡಳು. ‘ಕೊನೇ ತಿಂಗಳಲ್ಲಿ ಮಾರ್ಕೆಟ್ ಶೇ. 20 ಬಿದ್ರೆ ಸರ್?’ 2,17,000 ಆಗಿದ್ದದ್ದು 1,74,000ದ ಹತ್ತಿರ ಬಂದು ನಿಂತಿತು. ಬಡ್ಡಿಯ ಮಾತಿರಲಿ, ಅಸಲಿನಲ್ಲೇ ಆರು ಸಾವಿರ ಖೋತಾ.

‘ಬಿದ್ರೆ ಒಳ್ಳೇದೇ. ಕಮ್ಮಿ ರೇಟಿಗೆ ಜಾಸ್ತಿ ಯೂನಿಟ್ ಸಿಗುತ್ತೆ.’

‘ಕೊನೇ ತಿಂಗಳು ನಾನು ಕೊಳ್ಳೋದು ಐದು ಸಾವಿರದ್ದು. ಬೀಳೋದು ಎರಡು ಲಕ್ಷದ್ದಲ್ವಾ?’

ಸಿಪ್ಪಣ್ಣನ ಬಾಯಿಗೆ ಹೋಗುತ್ತಿದ್ದ ಬಜ್ಜಿ ದಾರಿಯಲ್ಲೇ ನಿಂತಿತು. ಅವನು ಪೂರ್ತಿ ಸುಳ್ಳನೇನಲ್ಲ, ಅನ್ನಿ. ಮೊದಲ ವರ್ಷ ಬಿದ್ದು ಆಮೇಲೆ ಎದ್ದರೆ ಅವನ ಮಾತು ನಿಜ. ಹತ್ತು-ಹದಿನೈದು ವರ್ಷದ ಗುರಿಗೆ ನಾನೂ ಅವನ ಶಿಷ್ಯನೇ. ಆದರೆ ಮೂರು ವರ್ಷದ ಸಿಪ್‌ನಲ್ಲಿ ಪೂರ್ತಿ ಮೂರು ವರ್ಷ ದುಡಿಯುವುದು ಮೊದಲ ಕಂತು ಮಾತ್ರ. ಕೊನೆಯದಕ್ಕೆ ಸಿಗುವುದು ಒಂದೇ ತಿಂಗಳು. ಬಿದ್ದದ್ದು ಏಳುವಷ್ಟು ಪುರುಸೊತ್ತು ಎಲ್ಲಿದೆ?

‘ಒಂದೆರಡು ವರ್ಷ ಕಾದ್ರೆ ವಾಪಸ್ ಬರುತ್ತಮ್ಮ,’ ಅಂದ ಸಿಪ್ಪಣ್ಣ.

‘ಕಾಲೇಜಿನವರು ಕಾಯ್ತಾರಾ ಸರ್?’

ಮರುದಿನವೇ ಆರ್‌ಡಿ ತೆರೆದಳು, ಸಂಬಳ ಬಂದ ಎರಡನೇ ದಿನ ಕಂತು ತಾನಾಗಿ ಹೋಗುವಂತೆ. ದೀಪಾವಳಿ ಬೋನಸ್ಸು ಬಂದಾಗ ಫೀಸಿನ ತಿಂಗಳಿಗೇ ಮುಗಿಯುವ ಹಾಗೆ ಎಫ್‌ಡಿ ಇಡುತ್ತಾಳಂತೆ.

ಎರಡು ಲಕ್ಷದ ಲೆಕ್ಕ ಬರೆದ ಕಾಗದವನ್ನು ಸಿಪ್ಪಣ್ಣ ಮಡಿಸಿ ಜೇಬಿಗಿಟ್ಟುಕೊಂಡ. ಟೀ, ಬಜ್ಜಿಯ ದುಡ್ಡು ಕೊಟ್ಟವನು ನಾನು.