ನಮ್ಮನ್ನು ಹೊಸೂರಿಗೆ ಸಾಗಿಸಿದ ಬಿಲ್ಲು

ಪೀಣ್ಯದ ರಟ್ಟಿನ ಡಬ್ಬದ ಕಾರ್ಖಾನೆಯ ಮಾಲೀಕರಿಗೆ, ಮೈಸೂರಿನ ಅಗರಬತ್ತಿಯವನೊಬ್ಬನ ನಮಸ್ಕಾರಗಳು.

ಡಬ್ಬಗಳು ಬಂದು ತಲುಪಿವೆ. ಐನೂರಕ್ಕೆ ಐನೂರೂ ಇವೆ, ಒಂದರ ಮೂಲೆಯೂ ನಜ್ಜಿಲ್ಲ. ತಕರಾರೆಲ್ಲ ಜೊತೆಗೆ ಬಂದ ಬಿಲ್ಲಿನದ್ದು. ಸರಿಪಡಿಸಿಕೊಡಿ ಎಂದು ಮೇಲ್ ಹಾಕಿದೆ. ನಿಮ್ಮ ಆಫೀಸಿನ ಹುಡುಗ ವಾಟ್ಸಾಪಿನಲ್ಲಿ ಉತ್ತರ ಕೊಟ್ಟ: 'ಪೆನ್ನಲ್ಲಿ ತಿದ್ಕೊಳ್ಳಿ ಸಾರ್, ಏನೂ ಆಗಲ್ಲ.' ಇಷ್ಟು ಧೈರ್ಯ ನಮ್ಮ ಆಡಿಟರ್ ಕೂಡ ಕೊಡುವುದಿಲ್ಲ. ಹಾಗಾಗಿ ನಾಲ್ಕು ಜನರ ಮುಂದೆಯೇ ಕೇಳೋಣವೆಂದು ಈ ಪತ್ರ.

ಬಿಲ್ಲಿನ ಮೇಲೆ ನಮ್ಮ ಜಿಎಸ್‌ಟಿ ನಂಬರ್ ಇರಬೇಕಾದ ಜಾಗದಲ್ಲಿ 33ರಿಂದ ಶುರುವಾಗುವ ನಂಬರ್ ಇದೆ. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ಆಮೇಲಿನ ಹತ್ತು ಅಕ್ಷರ ಪ್ಯಾನ್ ನಂಬರ್, ಅದೂ ನಮ್ಮದಲ್ಲ. ಹದಿನೈದು ಅಕ್ಷರದಲ್ಲಿ ಒಂದು ಆಚೀಚೆಯಾಗಿದ್ದರೆ ಕೊನೆಯ ತಾಳೆ ಅಕ್ಷರ ಹೊಂದದೆ ಪೋರ್ಟಲ್ಲೇ ತಳ್ಳಿಹಾಕುತ್ತಿತ್ತು. ನಿಮ್ಮವರು ಅಂಥ ಸಣ್ಣ ತಪ್ಪು ಮಾಡುವವರಲ್ಲ. ಇದು ಹೊಸೂರಿನಲ್ಲಿ ನಮ್ಮದೇ ಹೆಸರಿಟ್ಟುಕೊಂಡ ಇನ್ನೊಂದು ಅಂಗಡಿಯ ಅಸಲಿ ನಂಬರ್. ಟ್ಯಾಲಿಯಲ್ಲಿ ಪಾರ್ಟಿ ಹೆಸರಿನ ಮೊದಲ ನಾಲ್ಕಕ್ಷರ ಒತ್ತಿ, ಮೇಲೆ ಬಂದವರಿಗೇ ಎಂಟರ್ ಕೊಟ್ಟಿರಬೇಕು.

ಪಾರ್ಟಿ ಹೊರರಾಜ್ಯದ್ದೆಂದು ತಿಳಿದ ಟ್ಯಾಲಿ ಐಜಿಎಸ್‌ಟಿ ಹಾಕಿದೆ. ಪೀಣ್ಯದಿಂದ ಮೈಸೂರಿಗೆ ಬಂದ ಮಾಲಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅರ್ಧರ್ಧ ಬರಬೇಕಿತ್ತು. ರಾಮನಗರದಲ್ಲಿ ನಿಮ್ಮ ಗಾಡಿ ರಾಜ್ಯದ ಗಡಿ ದಾಟಿದ್ದು ಡ್ರೈವರಿಗೂ ಗೊತ್ತಾಗಿಲ್ಲ.

ಇನ್ನು ದರ. ರಟ್ಟಿನ ಡಬ್ಬದ ಮೇಲಿದ್ದ ಶೇ. 18 ತೆರಿಗೆ 2024ರ ಜುಲೈ 15ರಿಂದ ಶೇ. 12 ಆಯಿತು. 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಬಂತು. ಎರಡು ಸಲ ಇಳಿದರೂ ನಿಮ್ಮ ಐಟಂ ಮಾಸ್ಟರ್ ಜಗ್ಗಿಲ್ಲ, 18ರಲ್ಲೇ ನಿಂತಿದೆ. ಡಬ್ಬಕ್ಕೆ 40 ರೂಪಾಯಿಯಂತೆ 20,000 ರೂಪಾಯಿ ಮಾಲಿಗೆ ನೀವು ಹಾಕಿದ ತೆರಿಗೆ 3,600. ಹಾಕಬೇಕಾದದ್ದು 500 ಮತ್ತು 500, ಒಟ್ಟು 1,000.

'ಕಟ್ಟಿದ್ದೆಲ್ಲ ಇನ್‌ಪುಟ್ ಸಿಗುತ್ತಲ್ಲ, ಜಾಸ್ತಿಯಾದರೆ ನಿಮಗೇನು ನಷ್ಟ?' ಎಂದು ನಿಮ್ಮ ಹುಡುಗ ತತ್ವವನ್ನೂ ಹೇಳಿದ. ಸಿಗುತ್ತದೆ, ಹೊಸೂರಿನವರಿಗೆ. ನೀವು ಜಿಎಸ್‌ಟಿಆರ್-1ರಲ್ಲಿ ಯಾವ ನಂಬರ್ ತುಂಬುತ್ತೀರೋ ಆ ನಂಬರಿನವರ 2ಬಿಯಲ್ಲಿ ಬಿಲ್ಲು ಕಾಣುತ್ತದೆ. ನಮ್ಮ 2ಬಿಯಲ್ಲಿ ಕಾಣದ ಬಿಲ್ಲಿಗೆ ನಾವು ಇನ್‌ಪುಟ್ ತೆಗೆದುಕೊಳ್ಳುವಂತಿಲ್ಲ. ಪೆನ್ನಿನ ಗೀಟು ಕಾಗದದ ಮೇಲಿರುತ್ತದೆಯೇ ಹೊರತು ಪೋರ್ಟಲ್ಲಿಗೆ ಇಳಿಯುವುದಿಲ್ಲ. ಇನ್ನು ನಂಬರ್ ಒಂದನ್ನೇ ಸರಿಮಾಡಿ ದರ ಹಾಗೇ ಬಿಟ್ಟರೆ, ಕಾನೂನಿಗಿಂತ ಜಾಸ್ತಿ ಹಾಕಿದ ತೆರಿಗೆಗೆ ಇನ್‌ಪುಟ್ ಯಾಕೆ ತೆಗೆದಿರಿ ಎಂದು ನಾಳೆ ನೋಟಿಸ್ ಬರುವುದು ನಮಗೆ.

ತಿದ್ದುವುದು ಕಷ್ಟವೆಂದಾದರೂ ಅನ್ನಬೇಡಿ. ಬಿಲ್ಲಿನ ಮೇಲೆ ಕ್ಯೂಆರ್ ಕೋಡ್ ಇಲ್ಲ, ಅಂದರೆ ಇ-ಇನ್‌ವಾಯ್ಸ್ ರದ್ದು ಮಾಡುವ 24 ಗಂಟೆಯ ಗಡುವು ನಿಮಗಿಲ್ಲ. ಇದು ಹೋದ ತಿಂಗಳ ಬಿಲ್ಲು. ಅದರ ರಿಟರ್ನ್ ಫೈಲ್ ಮಾಡಲು ಈ ತಿಂಗಳ 11ರವರೆಗೆ ಸಮಯವಿದೆ, ನೀವಿನ್ನೂ ಮಾಡಿಲ್ಲ ಎಂದು ನಿಮ್ಮ ಹುಡುಗನೇ ಹೇಳಿದ್ದಾನೆ. ಈಗಲೇ ಈ ಬಿಲ್ಲನ್ನು ಕ್ಯಾನ್ಸಲ್ ಮಾಡಿ, ಬೇರೆ ಬಿಲ್ ನಂಬರಿನಲ್ಲಿ ಸರಿಯಾದ ಬಿಲ್ಲು ಕೊಟ್ಟರೆ ಮುಗಿಯಿತು. ಫೈಲ್ ಆದಮೇಲೆ ಜಿಎಸ್‌ಟಿಆರ್-1ಎಯಲ್ಲಿ ಖರೀದಿದಾರನ ನಂಬರ್ ಬದಲಿಸಲು ಬರುವುದಿಲ್ಲ. ಮುಂದಿನ ತಿಂಗಳ ರಿಟರ್ನಿನ 9ಎ ಪಟ್ಟಿಯೇ ಗತಿ, ಅಲ್ಲಿಯವರೆಗೆ ನಮ್ಮ ಇನ್‌ಪುಟ್ ಹೊಸೂರಿನಲ್ಲೇ.

ನಾನು ಕಳಿಸಿದ ಮೇಲ್ ನಿಮ್ಮ ಕಣ್ಣಿಗೆ ಬಿದ್ದಿರಲಾರದು. ಇಲ್ಲಿ ಮತ್ತೆ ಹಾಕಿದ್ದೇನೆ:

'ಮಾನ್ಯರೇ, ತಾವು ಕಳಿಸಿದ 500 ರಟ್ಟಿನ ಡಬ್ಬಗಳ ಬಿಲ್ಲಿನಲ್ಲಿ ಬೇರೆಯವರ ಜಿಎಸ್‌ಟಿ ನಂಬರ್ ಇದೆ. ನಮ್ಮ ನೋಂದಣಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿದ್ದೇನೆ, ನಂಬರನ್ನು ಅದರಿಂದಲೇ ನಕಲಿಸಿ. ಶೇ. 18 ಐಜಿಎಸ್‌ಟಿ ಬದಲು ಶೇ. 2.5 ಸಿಜಿಎಸ್‌ಟಿ, ಶೇ. 2.5 ಎಸ್‌ಜಿಎಸ್‌ಟಿ ಹಾಕಿ. ಎಚ್‌ಎಸ್‌ಎನ್ 4819 ಸರಿಯಿದೆ. ಹಳೆಯ ಬಿಲ್ಲು ರದ್ದಾಗಿದೆ ಎಂದು ಒಂದು ಸಾಲು ಬರೆದು, ಹೊಸ ಬಿಲ್ಲಿನ ಪಿಡಿಎಫ್ ಕಳಿಸಿ.'

ಹೊಸ ಬಿಲ್ಲು ಬಂದ ದಿನವೇ 21,000 ರೂಪಾಯಿ ನಿಮ್ಮ ಖಾತೆಗೆ ಬರುತ್ತದೆ. ಹಳೆಯ ಬಿಲ್ಲಿನ 23,600 ರೂಪಾಯಿಯೇ ಬೇಕೆಂದರೆ ದಯವಿಟ್ಟು ಹೊಸೂರಿನವರನ್ನು ಕೇಳಿ. ಡಬ್ಬ ಎಲ್ಲಿ ಎಂದು ಅವರು ಕೇಳಿಯೇ ಕೇಳುತ್ತಾರೆ.

ಇಂತಿ,
29ರಿಂದ ಶುರುವಾಗುವ ನಿಮ್ಮ ಗಿರಾಕಿ