ಜಾಹೀರಾತಿನ ಗಾಳಿ

ಗಾಳಿ ಕಣ್ಣಿಗೆ ಕಾಣುವುದಿಲ್ಲ. ಅದನ್ನೇ ಚಿತ್ರ ಮಾಡಿ ಮಾರಬೇಕಾದವರ ಪಾಡು ಕೇಳಬೇಡಿ. ಫ್ಯಾನಿನ ಜಾಹೀರಾತೆಂದರೆ ಸೋಫಾದಲ್ಲೊಬ್ಬಳು ಕಣ್ಣುಮುಚ್ಚಿ ನಗುತ್ತಿರಬೇಕು, ಅವಳ ಕೂದಲು ಬಾವುಟದ ಹಾಗೆ ಹಿಂದಕ್ಕೆ ಹಾರುತ್ತಿರಬೇಕು. ಫ್ಯಾನಿರುವುದು ಮಾತ್ರ ಅವಳ ನೆತ್ತಿಯ ಮೇಲೆ! ಮೇಲಿಂದ ಬೀಳುವ ಗಾಳಿ ಕೂದಲನ್ನು ಅದುಮೀತೇ ಹೊರತು ಹಾರಿಸದು. ಅದು ನೆಟ್ಟಗೆ ಇಳಿದು, ನೆಲ ತಾಗಿ, ಸುತ್ತಲೂ ಹರಡಿ, ಗೋಡೆಗುಂಟ ಮತ್ತೆ ಮೇಲೇರುತ್ತದೆ. ನಿಜವಾಗಿ ಅಲುಗಾಡುವುದು ಟೀಪಾಯಿಯ ಮೇಲಿನ ಪೇಪರಿನ ಅಂಚು, ಕ್ಯಾಲೆಂಡರಿನ ಹಾಳೆ, ಸೆರಗಿನ ತುದಿ. ಕೂದಲು ಹಿಂದಕ್ಕೆ ಹಾರಿದೆಯೆಂದರೆ ಕ್ಯಾಮೆರಾ ಪಕ್ಕದಲ್ಲಿ ಇನ್ನೊಂದು ಫ್ಯಾನಿದೆ ಎಂದೇ ಅರ್ಥ. ಮಾರುವುದು ಒಂದನ್ನು, ಬೀಸುವುದು ಇನ್ನೊಂದು.

ರೆಕ್ಕೆಗಳದ್ದು ಬೇರೆಯೇ ಕಥೆ. ಫೋಟೋವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಕ್ಲಿಕ್ಕಿಸಿದರೆ ಮೂರು ರೆಕ್ಕೆಗಳೂ ಕರೆಂಟ್ ಹೋದಾಗಿನಂತೆ ನಿಶ್ಚಲ. ಕೆಳಗೆ ಮಾತ್ರ ಬಿರುಗಾಳಿ. ಮೂವತ್ತರಲ್ಲೊಂದು ಭಾಗದಷ್ಟು ಹೊತ್ತು ಕಣ್ಣು ತೆರೆದಿಟ್ಟರೆ ರೆಕ್ಕೆ ಹದವಾಗಿ ಮಸುಕಾಗಿ, ತಿರುಗುತ್ತಿದೆಯೆಂದು ನಂಬಿಕೆ ಬರುತ್ತದೆ. ವಿಡಿಯೊದಲ್ಲಿ ಇನ್ನೂ ಮಜ. ನಿಮಿಷಕ್ಕೆ 350 ಸುತ್ತು ತಿರುಗುವ ಫ್ಯಾನು, ಸೆಕೆಂಡಿಗೆ 25 ಚೌಕಟ್ಟು ಹಿಡಿಯುವ ಕ್ಯಾಮೆರಾ ಎನ್ನಿ. ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ರೆಕ್ಕೆ 84 ಡಿಗ್ರಿ ಸರಿದಿರುತ್ತದೆ. ಆದರೆ ರೆಕ್ಕೆಗಳ ನಡುವಿನ ಅಂತರ 120. ಮುಂದಿನ ರೆಕ್ಕೆಯ ಜಾಗಕ್ಕೆ ಇನ್ನೂ 36 ಡಿಗ್ರಿ ಬಾಕಿ ಇರುವುದರಿಂದ, ಮೂರೂ ಒಂದೇ ಥರ ಇರುವ ರೆಕ್ಕೆಗಳಲ್ಲಿ ಯಾವುದು ಯಾವುದೆಂದು ತಿಳಿಯದ ನಮ್ಮ ಕಣ್ಣು, ಅಷ್ಟು ಹಿಂದೆ ಸರಿಯಿತೆಂದೇ ಓದಿಕೊಳ್ಳುತ್ತದೆ. ಫ್ಯಾನು ಉಲ್ಟಾ! ಆ ದಿಕ್ಕಿಗೆ ನಿಜಕ್ಕೂ ತಿರುಗಿದ್ದರೆ ಅದು ಗಾಳಿಯನ್ನು ಚಾವಣಿಗೆ ತಳ್ಳುತ್ತಿತ್ತು. ಫ್ಯಾನಿನ ವೇಗವನ್ನು ಸಾಕಷ್ಟು ತಗ್ಗಿಸಿ ಚಿತ್ರೀಕರಿಸಿದ್ದರೆ ಆಗುತ್ತಿತ್ತು.

ಎಸಿಯಲ್ಲಿ ಎಡವುವುದು ಅಳತೆ. ಮನೆಗಳ ಸ್ಪ್ಲಿಟ್ ಎಸಿ ಹೆಚ್ಚುಕಮ್ಮಿ ಮೂರಡಿ ಅಗಲ. ಮೂವರು ಕೂರುವ ಸೋಫಾ ಆರಡಿ. ಜಾಹೀರಾತಿನಲ್ಲಿ ಎರಡೂ ಒಂದೇ ಉದ್ದ. ನಮ್ಮ ಸೋದರತ್ತೆ ನೋಡಿ, ‘ಇದರ ಮೇಲೆ ಇಬ್ಬರು ಮಲಗಬಹುದು ಕಣೋ’ ಎಂದರು. ಸಾಲದ್ದಕ್ಕೆ ಅದನ್ನು ಚಾವಣಿಗೇ ಅಂಟಿಸಿರುತ್ತಾರೆ. ಬಹುತೇಕ ಎಸಿಗಳು ಉಸಿರೆಳೆದುಕೊಳ್ಳುವುದು ನೆತ್ತಿಯಿಂದ ಎಂಬುದು ಯಾರಿಗೂ ನೆನಪಿಲ್ಲ. ಇನ್ನು ಆ ನೀಲಿ ಬಾಣಗಳು! ನೆಟ್ಟಗೆ ತೊಟ್ಟಿಲಿನತ್ತ ಗುರಿಯಿಟ್ಟಿರುತ್ತವೆ. ತಣ್ಣನೆಯ ಗಾಳಿ ಭಾರ. ಅದನ್ನು ಚಾವಣಿಗುಂಟ ದೂರ ಎಸೆದರೆ ತಾನಾಗಿ ನಿಧಾನಕ್ಕೆ ಇಳಿದುಬರುತ್ತದೆ. ಬಾಣ ಕೊನೆಗೆ ಬಾಗಿದ್ದರೆ ಚಿತ್ರ ಬಿಡಿಸಿದವನಿಗೆ ಎಸಿ ರೂಮಿನಲ್ಲಿ ಮಲಗಿ ಗೊತ್ತು ಅನ್ನಬಹುದು.

ನೀರಿನ ಫಿಲ್ಟರಿನ ಅಳತೆಗೆ ಪಕ್ಕದ ಲೋಟವೇ ಸಾಕ್ಷಿ. ಒಂದೂವರೆ ಅಡಿಯ ಡಬ್ಬಕ್ಕೆ ನಾಲ್ಕಿಂಚಿನ ಲೋಟ ನಾಲ್ಕೂವರೆಯಲ್ಲೊಂದು ಪಾಲು ಇರಬೇಕು; ಚಿತ್ರದಲ್ಲಿ ಔಷಧಿ ಕುಡಿಸುವ ಮುಚ್ಚಳದಷ್ಟಿರುತ್ತದೆ. ಅತ್ತೆ ಅದನ್ನೂ ಕನ್ನಡಕ ಏರಿಸಿ ನೋಡಿದರು. ‘ಎಲ್ಲ ಸರಿ, ವೇಸ್ಟ್ ನೀರಿನ ಪೈಪೆಲ್ಲಿ? ಕೆಳಗಡೆ ಬಕೆಟ್ಟೆಲ್ಲಿ?’